S_y ಅಳತೆಯಲ್ಲಿ ಸರಿಯಾದ ಉತ್ತರ 5/18 ಅಥವಾ 13/18? ಎರಡು ರೀತಿಯಲ್ಲೂ ಮೊತ್ತ ಒಂದೇ ಆಗುತ್ತಿದೆ

ಸಪ್ತಾಪುರ ರೂಮ್ 4

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಬಿಎಸ್ಸಿ ಕೊನೆಯ ವರ್ಷ ಓದುತ್ತಿದ್ದೇನೆ. ನಿನ್ನೆ ಸಂಜೆಯಿಂದ ಒಂದೇ ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದೇನೆ, ದಯವಿಟ್ಟು ತಿಳಿದವರು ನೋಡಬೇಕು. ಅರ್ಧ ಸ್ಪಿನ್ನಿನ ಕಣವೊಂದು ಈ ಸ್ಥಿತಿಯಲ್ಲಿದೆ:

```
χ = (1/3) [ 2+i ]
          [  2  ]
```

z, x, y ಈ ಮೂರರಲ್ಲಿ ಯಾವುದಾದರೂ ಒಂದು ದಿಕ್ಕಿನಲ್ಲಿ ಸ್ಪಿನ್ ಅಳೆದರೆ +ħ/2 ಮತ್ತು −ħ/2 ಬರುವ ಸಂಭವನೀಯತೆ ಎಷ್ಟು ಎಂಬುದು ಪ್ರಶ್ನೆ. z ದಿಕ್ಕಿಗೆ 5/9 ಮತ್ತು 4/9 ಬಂತು. x ದಿಕ್ಕಿನ ಐಗನ್ ವೆಕ್ಟರುಗಳು (1, 1)/√2 ಮತ್ತು (1, −1)/√2 ಆದ್ದರಿಂದ ಅವುಗಳಿಂದ ಗುಣಿಸಿದೆ, 17/18 ಮತ್ತು 1/18 ಬಂತು. ಇವೆರಡೂ ಉತ್ತರದ ಹಾಳೆಯೊಂದಿಗೆ ಸರಿಯಾಗಿ ಹೊಂದಿದವು.

y ದಿಕ್ಕಿನಲ್ಲಿ ಮಾತ್ರ ಹೊಂದುತ್ತಿಲ್ಲ. +ħ/2 ಗೆ ಸೇರಿದ ಐಗನ್ ವೆಕ್ಟರ್ (1, i)/√2. x ದಿಕ್ಕಿನಲ್ಲಿ ಮಾಡಿದಂತೆಯೇ ಇಲ್ಲಿಯೂ ಗುಣಿಸಿದೆ:

```
[1·(2+i) + i·2] / (3√2) = (2+3i) / (3√2)
ವರ್ಗ ಮಾಡಿದಾಗ: (4+9)/18 = 13/18
```

−ħ/2 ಗೆ (1, −i)/√2 ತೆಗೆದುಕೊಂಡಾಗ 5/18 ಬಂತು. ಎರಡನ್ನೂ ಕೂಡಿಸಿದರೆ 1 ಆಗುತ್ತದೆ. ಆದರೆ ಉತ್ತರದ ಹಾಳೆಯಲ್ಲಿ +ħ/2 ಗೆ 5/18 ಎಂದಿದೆ. ನನ್ನ ರೂಮಿನ ಇಬ್ಬರು ಗೆಳೆಯರಿಗೂ 13/18 ಬಂದಿದೆ. ಟ್ಯೂಷನ್ನಿನಲ್ಲಿ ಕೇಳಿದಾಗ ಅದು ಮುದ್ರಣದೋಷ, ಬಿಟ್ಟುಬಿಡು ಎಂದರು. ನಿಜವಾಗಿಯೂ ಮುದ್ರಣದೋಷವೇ?

ವಿದ್ಯಾನಗರ ಹುಬ್ಬಳ್ಳಿ

ಮೊತ್ತ ಒಂದಾಗಿದೆ ಎಂದಮೇಲೆ ನಿಮ್ಮ ಲೆಕ್ಕದಲ್ಲಿ ತಪ್ಪಿರಲು ಸಾಧ್ಯವಿಲ್ಲ. ಹಾಳೆ ಸಿದ್ಧಪಡಿಸಿದವರು ಐಗನ್ ವೆಕ್ಟರುಗಳನ್ನು ಅದಲುಬದಲು ಮಾಡಿರಬೇಕು. (1, i) ಅನ್ನು ಧನ ಎಂದು ಕರೆಯಬೇಕೋ ಋಣ ಎಂದು ಕರೆಯಬೇಕೋ ಎಂಬುದು ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತದೆ ಎಂದು ನಾನು ಓದಿದ ನೆನಪು.

ಹಾವೇರಿ ಭೌತಶಾಸ್ತ್ರ

ಹುಬ್ಬಳ್ಳಿಯ ಸರ್, ಈ ಎರಡೂ ಮಾತುಗಳನ್ನು ನಾನು ಒಪ್ಪುವುದಿಲ್ಲ. ಯಾವ ವೆಕ್ಟರ್ ಧನ, ಯಾವುದು ಋಣ ಎಂಬುದನ್ನು S_y ಮ್ಯಾಟ್ರಿಕ್ಸೇ ಹೇಳುತ್ತದೆ, ಪುಸ್ತಕ ಹೇಳಬೇಕಾಗಿಲ್ಲ. ಗುಣಿಸಿ ನೋಡಿದರೆ ಅರ್ಧ ನಿಮಿಷದ ಕೆಲಸ.

```
S_y = (ħ/2) [ 0  −i ]
            [ i   0 ]

S_y (1, i) = (ħ/2) (−i·i, i·1) = (ħ/2) (1, i)
```

ಅದೇ ವೆಕ್ಟರ್ +ħ/2 ಹೊತ್ತು ಮರಳಿ ಬಂದಿದೆ, ಆದ್ದರಿಂದ (1, i) ಧನದ್ದೇ. ಹುಡುಗ ಇಲ್ಲಿಯವರೆಗೆ ಸರಿಯಾಗಿಯೇ ಮಾಡಿದ್ದಾನೆ. ತಪ್ಪಾಗಿರುವುದು ಮುಂದಿನ ಸಾಲಿನಲ್ಲಿ.

ತಮ್ಮಾ, ಸ್ಥಿತಿಯೊಳಗೆ ಒಂದು ಐಗನ್ ವೆಕ್ಟರಿನ ಪಾಲು ಎಷ್ಟಿದೆ ಎಂದು ಕಂಡುಹಿಡಿಯಲು ಆ ವೆಕ್ಟರಿನ ಕಂಬಸಾಲನ್ನು ಅಡ್ಡಸಾಲಾಗಿ ಬರೆದು χ ಗೆ ಗುಣಿಸುತ್ತೇವೆ. ಹಾಗೆ ಅಡ್ಡಸಾಲು ಮಾಡುವಾಗ ಪ್ರತಿಯೊಂದು ಅಂಕಿಯ ಕಾಂಜುಗೇಟ್ ತೆಗೆದುಕೊಳ್ಳಬೇಕು, ಅಂದರೆ i ಇದ್ದಲ್ಲಿ −i ಬರೆಯಬೇಕು. ನೀನು (1, i) ಅನ್ನು ಹಾಗೆಯೇ ಅಡ್ಡ ಮಲಗಿಸಿದ್ದೀಯಾ. ಸರಿಯಾದ ಲೆಕ್ಕ ಹೀಗಿದೆ:

```
[1·(2+i) + (−i)·2] / (3√2) = (2−i) / (3√2)
ವರ್ಗ: (4+1)/18 = 5/18
```

ಈಗ ಮೊತ್ತದ ವಿಷಯಕ್ಕೆ ಬರೋಣ, ಏಕೆಂದರೆ ಈ ತಪ್ಪು ಬಹಳ ದಿನ ಕಣ್ಣಿಗೆ ಬೀಳದಿರುವುದಕ್ಕೆ ಅದೇ ಕಾರಣ. (1, i) ಯ ಕಾಂಜುಗೇಟ್ (1, −i). ಅದು S_y ಯ ಇನ್ನೊಂದು ಐಗನ್ ವೆಕ್ಟರೇ ಆಗಿದೆ. ಹಾಗಾಗಿ ಕಾಂಜುಗೇಟ್ ಮರೆತಾಗ ನಿನಗೆ ಅಸಂಬದ್ಧ ಅಂಕಿ ಬರುವುದಿಲ್ಲ, ಋಣದ ಸರಿಯಾದ ಉತ್ತರ ಧನದ ಹೆಸರಿನಲ್ಲಿ ಬರುತ್ತದೆ, ಧನದ್ದು ಋಣದ ಹೆಸರಿನಲ್ಲಿ ಬರುತ್ತದೆ. ಎರಡು ಸರಿಯಾದ ಅಂಕಿಗಳು ಜಾಗ ಬದಲಿಸಿದರೆ ಮೊತ್ತ ಹೇಗೆ ಕೆಡುತ್ತದೆ? x ದಿಕ್ಕಿನಲ್ಲಿ ಐಗನ್ ವೆಕ್ಟರುಗಳಲ್ಲಿ i ಇಲ್ಲವೇ ಇಲ್ಲ, ಆದ್ದರಿಂದ ಅಲ್ಲಿ ಮರೆತರೂ ಉತ್ತರ ಸರಿಯಾಗಿ ಬಂತು. ನಾನು ಪ್ರತಿ ವರ್ಷ ತಿದ್ದುವ ಉತ್ತರ ಪತ್ರಿಕೆಗಳಲ್ಲಿ ಇದೇ ತಪ್ಪು ಇದೇ ಜಾಗದಲ್ಲಿ ಸಿಗುತ್ತದೆ. x ದಿಕ್ಕಿನ ಲೆಕ್ಕವನ್ನು ಮೊದಲು ಮಾಡಿಸಿ ಅದರ ಅಭ್ಯಾಸದಲ್ಲಿಯೇ y ಗೆ ಕಳುಹಿಸುವ ನಮ್ಮ ಪಾಠದ ಕ್ರಮವೂ ಇದಕ್ಕೆ ಕಾರಣ ಎಂದು ನನಗೆ ಅನ್ನಿಸುತ್ತದೆ.

ಸಪ್ತಾಪುರ ರೂಮ್ 4

ಮೇಡಂ, ತುಂಬಾ ಧನ್ಯವಾದಗಳು. ಒಂದು ಸಂದೇಹ ಉಳಿದಿದೆ. ಐಗನ್ ವೆಕ್ಟರಿನ ಕಾಂಜುಗೇಟ್ ಏಕೆ ತೆಗೆದುಕೊಳ್ಳಬೇಕು? ಅದರ ಬದಲು χ ನ ಕಾಂಜುಗೇಟ್ ತೆಗೆದುಕೊಂಡರೆ ತಪ್ಪಾಗುತ್ತದೆಯೇ?

ಹಾವೇರಿ ಭೌತಶಾಸ್ತ್ರ

ತಪ್ಪಾಗುವುದಿಲ್ಲ. χ ಅನ್ನು ಅಡ್ಡಸಾಲಾಗಿಸಿ (2−i, 2) ಎಂದು ಬರೆದು (1, i) ಗೆ ಗುಣಿಸಿ ನೋಡು, 2−i+2i ಸೇರಿ 2+i ಆಗುತ್ತದೆ. ಮೊದಲಿನ ಉತ್ತರ 2−i ಇತ್ತು. ಒಂದು ಇನ್ನೊಂದರ ಕಾಂಜುಗೇಟ್, ಆದ್ದರಿಂದ ಎರಡರಿಂದಲೂ 5/18 ಬರುತ್ತದೆ. ಎರಡರಲ್ಲಿ ಯಾವುದಾದರೂ ಒಂದನ್ನು ಮಾತ್ರ ಬದಲಿಸಬೇಕು. ಎರಡನ್ನೂ ಬಿಟ್ಟರೆ 13/18 ಬರುತ್ತದೆ, ಎರಡನ್ನೂ ಬದಲಿಸಿದರೂ 13/18 ಬರುತ್ತದೆ.

ಗದಗ ಬೆಟಗೇರಿ

ನನ್ನ ಪ್ರಕಾರ ಎರಡೂ ಉತ್ತರಗಳು ತಪ್ಪು. ಮೊದಲು z ದಿಕ್ಕಿನಲ್ಲಿ ಅಳೆದಿದ್ದೀರಿ, ಆಗಲೇ ಕಣ (1, 0) ಅಥವಾ (0, 1) ಸ್ಥಿತಿಗೆ ಹೋಗಿಬಿಟ್ಟಿತು. ಅದಾದ ಮೇಲೆ y ದಿಕ್ಕಿನಲ್ಲಿ ಅಳೆದರೆ ಯಾವಾಗಲೂ 1/2 ಮತ್ತು 1/2 ಬರಬೇಕು. ಮೊದಲ ಅಳತೆ ಸ್ಥಿತಿಯನ್ನು ಬದಲಿಸಿಬಿಡುತ್ತದೆ ಎಂಬುದನ್ನು ಇಲ್ಲಿ ಯಾರೂ ಗಮನಿಸಿದಂತಿಲ್ಲ.

ಸಪ್ತಾಪುರ ರೂಮ್ 4

ಅಣ್ಣ, ಪ್ರಶ್ನೆಯಲ್ಲಿ ಒಂದಾದ ಮೇಲೆ ಒಂದು ಎಂದಿಲ್ಲ, "ಯಾವುದಾದರೂ ಒಂದು ದಿಕ್ಕಿನಲ್ಲಿ" ಎಂದಿದೆ.

ಹಾವೇರಿ ಭೌತಶಾಸ್ತ್ರ

ಗದಗದವರು ಹೇಳಿದ್ದು ಬೇರೆ ಪ್ರಶ್ನೆಗೆ ಸರಿಯಾದ ಉತ್ತರ. z ದಿಕ್ಕಿನಲ್ಲಿ ಅಳೆದ ಅದೇ ಕಣವನ್ನು ಮತ್ತೆ y ದಿಕ್ಕಿನಲ್ಲಿ ಅಳೆದರೆ ಸಮಪಾಲೇ ಬರುತ್ತದೆ, ಆ ಮಟ್ಟಿಗೆ ಅವರ ಮಾತು ನಿಜ. ಇಲ್ಲಿ ಪ್ರತಿಯೊಂದು ಅಳತೆಗೂ χ ಸ್ಥಿತಿಯಲ್ಲಿರುವ ಹೊಸ ಕಣವನ್ನು ತೆಗೆದುಕೊಳ್ಳಲಾಗಿದೆ. ಪರೀಕ್ಷೆಯಲ್ಲಿ "ನಂತರ" ಎಂಬ ಒಂದು ಶಬ್ದವಿದೆಯೋ ಇಲ್ಲವೋ ಎಂದು ನೋಡಿಕೊಂಡೇ ಲೆಕ್ಕಕ್ಕೆ ಇಳಿಯಬೇಕು.

ವಿದ್ಯಾನಗರ ಹುಬ್ಬಳ್ಳಿ

ಮೇಡಂ, ಐಗನ್ ವೆಕ್ಟರ್ ವಿಷಯದಲ್ಲಿ ನಾನು ಹೇಳಿದ್ದು ತಪ್ಪೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಮೊತ್ತ ನೋಡಿ ತಪ್ಪು ಹಿಡಿಯಲು ಆಗುವುದಿಲ್ಲವಾದರೆ ಇನ್ನೊಂದು ಪರೀಕ್ಷೆ ಇದೆ. ಮೂರೂ ದಿಕ್ಕುಗಳಲ್ಲಿ ಧನದಿಂದ ಋಣವನ್ನು ಕಳೆದರೆ x ಗೆ 16/18, ಅಂದರೆ 8/9, z ಗೆ 1/9 ಬರುತ್ತದೆ. y ಗೆ −4/9. ಇವುಗಳ ವರ್ಗಗಳ ಮೊತ್ತ 64, 16, 1 ಸೇರಿ 81 ಭಾಗಿಸು 81, ಅಂದರೆ ಸರಿಯಾಗಿ 1. ಈ ರೀತಿ ಕೊಟ್ಟ ಯಾವುದೇ ಸ್ಥಿತಿಗೆ ಈ ಮೂರು ಅಂಕಿಗಳಿಂದಾಗುವ ಬಾಣದ ಉದ್ದ 1 ಆಗಬೇಕು. ಇದನ್ನು ಮಾಡಿ ನೋಡಿದ್ದರೆ ಹುಡುಗನಿಗೆ ಅನುಮಾನವೇ ಉಳಿಯುತ್ತಿರಲಿಲ್ಲ.

ಮಾಳಮಡ್ಡಿ ನಿವೃತ್ತ ಉಪನ್ಯಾಸಕ

ಬಾಣದ ಉದ್ದದ ಪರೀಕ್ಷೆ ಒಳ್ಳೆಯದು, ಗುಣಾಕಾರದ ಬಹಳಷ್ಟು ತಪ್ಪುಗಳನ್ನು ಅದು ಹಿಡಿಯುತ್ತದೆ. ಆದರೆ ಈ ತಪ್ಪನ್ನು ಮಾತ್ರ ಅದು ಹಿಡಿಯುವುದಿಲ್ಲ. ಹುಡುಗನ ತಪ್ಪು ಉತ್ತರದಿಂದ y ಗೆ +4/9 ಬರುತ್ತಿತ್ತು, ಅದರ ವರ್ಗವೂ 16/81 ಅಲ್ಲವೇ? ವರ್ಗ ಮಾಡಿದೊಡನೆ ಚಿಹ್ನೆ ಅಳಿಸಿಹೋಗುತ್ತದೆ, ನಮ್ಮ ತಪ್ಪು ಇರುವುದು ಚಿಹ್ನೆಯಲ್ಲಿಯೇ.

ನಾನು ತರಗತಿಯಲ್ಲಿ ಎರಡು ಮಾರ್ಗಗಳನ್ನು ಹೇಳಿಕೊಡುತ್ತಿದ್ದೆ. ಮೊದಲನೆಯದಕ್ಕೆ ಐಗನ್ ವೆಕ್ಟರ್ ಬೇಕಾಗಿಯೇ ಇಲ್ಲ. ಸರಾಸರಿ ಮೌಲ್ಯವನ್ನು ನೇರವಾಗಿ ಮ್ಯಾಟ್ರಿಕ್ಸಿನಿಂದ ತೆಗೆಯಬೇಕು. S_y ಅನ್ನು χ ಮೇಲೆ ನಡೆಸಿದಾಗ (ħ/2)(1/3)(−2i, 2i−1) ಸಿಗುತ್ತದೆ. ಅದರ ಎಡಕ್ಕೆ χ ನ ಅಡ್ಡಸಾಲನ್ನು ಇಡಬೇಕು:

```
(2−i)(−2i) + 2(2i−1) = (−4i − 2) + (4i − 2) = −4
⟨S_y⟩ = (ħ/2)(−4/9) = −2ħ/9
```

ಸರಾಸರಿ ಋಣವಾಗಿದೆ ಎಂದಮೇಲೆ ಋಣದ ಪಾಲು ಅರ್ಧಕ್ಕಿಂತ ಹೆಚ್ಚಿರಲೇಬೇಕು, ಆದ್ದರಿಂದ 13/18 ಋಣದ್ದು. ಇಲ್ಲಿಯೂ ಕಾಂಜುಗೇಟ್ ಮರೆತರೆ ಏನಾಗುತ್ತದೆ ಎಂದು ಕೇಳಬಹುದು. (2−i) ಜಾಗದಲ್ಲಿ (2+i) ಹಾಕಿದರೆ ಮೊತ್ತ ಸೊನ್ನೆ ಬರುತ್ತದೆ. ಈ ಒಂದು ಸ್ಥಿತಿಗೆ ಮಾತ್ರವಲ್ಲ, ಕರ್ಣದ ಎರಡು ಬದಿಯ −i ಮತ್ತು i ಒಂದನ್ನೊಂದು ಅಳಿಸಿಹಾಕುವುದರಿಂದ ಯಾವ ಸ್ಥಿತಿಯನ್ನು ಕೊಟ್ಟರೂ ಸೊನ್ನೆಯೇ ಬರುತ್ತದೆ. ಒಂದೇ ತಪ್ಪು ಐಗನ್ ವೆಕ್ಟರಿನ ದಾರಿಯಲ್ಲಿ ಮರೆಯಾಗಿ ಕೂರುತ್ತದೆ, ಈ ದಾರಿಯಲ್ಲಿ ಎದ್ದು ಕಾಣುತ್ತದೆ. ಸರಾಸರಿ ಸೊನ್ನೆ, ಪಾಲು ಮಾತ್ರ 13 ಮತ್ತು 5 ಎಂದು ಬಂದರೆ ಯಾರಾದರೂ ಪೆನ್ನು ಕೆಳಗಿಟ್ಟು ಮತ್ತೊಮ್ಮೆ ನೋಡುತ್ತಾರೆ.

ಎರಡನೆಯ ಮಾರ್ಗಕ್ಕೆ ಲೆಕ್ಕವೇ ಬೇಡ. ಧಾರವಾಡದ ಮಳೆಗಾಲದಲ್ಲಿ ನನ್ನ ಕೈಯಲ್ಲಿ ಯಾವಾಗಲೂ ಛತ್ರಿ ಇರುತ್ತಿತ್ತು, ಅದನ್ನೇ ಮಡಚಿ ಮೇಜಿನ ಮೇಲೆ ಬಾಣವಾಗಿ ಇಡುತ್ತಿದ್ದೆ. ಪೂರ್ವ x, ಉತ್ತರ y, ಮೇಲೆ z. χ ನ ಮೇಲಿನ ಅಂಶ 2+i, ಅದರ ಫೇಸ್ ಸುಮಾರು 26.6 ಡಿಗ್ರಿ. ಕೆಳಗಿನ ಅಂಶ 2, ಅದರ ಫೇಸ್ ಸೊನ್ನೆ. ಕೆಳಗಿನದರಿಂದ ಮೇಲಿನದನ್ನು ಕಳೆದರೆ −26.6 ಡಿಗ್ರಿ. ಅಷ್ಟು ಕೋನದಲ್ಲಿ ಛತ್ರಿ ಪೂರ್ವದಿಂದ ದಕ್ಷಿಣಕ್ಕೆ ತಿರುಗುತ್ತದೆ. ಮೇಲಿನ ಅಂಶ ಕೆಳಗಿನದಕ್ಕಿಂತ ತುಸು ದೊಡ್ಡದು, ಆದ್ದರಿಂದ ತುದಿಯನ್ನು ಮೇಜಿನಿಂದ ಸುಮಾರು ಆರು ಡಿಗ್ರಿ ಮಾತ್ರ ಎತ್ತಬೇಕು. ಈಗ ನೋಡಿ, ಛತ್ರಿಯ ತುದಿ ದಕ್ಷಿಣದ ಕಡೆಗಿದೆ, ಅಂದರೆ y ಋಣದ ಕಡೆಗಿದೆ. ಇಂಥ ಸ್ಥಿತಿಯಲ್ಲಿ +y ಗೆ ಅರ್ಧಕ್ಕಿಂತ ಹೆಚ್ಚು ಪಾಲು ಬರಲು ಸಾಧ್ಯವೇ ಇಲ್ಲ. ಪೂರ್ವಕ್ಕೆ ಬಹುತೇಕ ನೆಟ್ಟಗಿರುವುದರಿಂದಲೇ x ದಿಕ್ಕಿಗೆ 17/18 ಬಂದಿದೆ.

ಗೋಕುಲ ರೋಡ್

ನಾನು ಹುಬ್ಬಳ್ಳಿಯ ಒಂದು ಸಾಫ್ಟ್‌ವೇರ್ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಇದೇ ತಪ್ಪಿನಿಂದ ನನ್ನ ಎರಡು ದಿನಗಳು ಹೋಗಿದ್ದವು, ಆದ್ದರಿಂದ ಬರೆಯುತ್ತಿದ್ದೇನೆ. ಕಾಗದದ ಮೇಲೆ ನನ್ನ ಲೆಕ್ಕ ಸರಿಯಾಗಿತ್ತು, ಪ್ರೋಗ್ರಾಮಿನಲ್ಲಿ ತಿರುಗುಮುರುಗಾಗುತ್ತಿತ್ತು. ನಂಪೈಯಲ್ಲಿ `np.dot` ಕಾಂಜುಗೇಟ್ ತೆಗೆದುಕೊಳ್ಳುವುದಿಲ್ಲ, `np.vdot` ಮೊದಲನೆಯ ವೆಕ್ಟರಿನ ಕಾಂಜುಗೇಟ್ ತೆಗೆದುಕೊಳ್ಳುತ್ತದೆ.

```python
import numpy as np
chi = np.array([2+1j, 2]) / 3
yp = np.array([1, 1j]) / np.sqrt(2)
print(abs(np.dot(yp, chi))**2)   # 0.7222, ತಪ್ಪು
print(abs(np.vdot(yp, chi))**2)  # 0.2778, ಸರಿ
```

`np.linalg.eigh` ಬಳಸುವವರು ಇನ್ನೊಂದನ್ನು ನೆನಪಿಡಬೇಕು. ಅದು ಐಗನ್ ವೆಕ್ಟರುಗಳನ್ನು ಕಂಬಸಾಲುಗಳಲ್ಲಿ ಕೊಡುತ್ತದೆ, ಚಿಕ್ಕ ಐಗನ್ ಮೌಲ್ಯದ್ದು ಮೊದಲು ಬರುತ್ತದೆ. `v[:, 0]` ಎಂದು ಬರೆದಾಗ ಋಣದ ವೆಕ್ಟರ್ ಸಿಗುತ್ತದೆ. ಅದು ಕೊಡುವ ವೆಕ್ಟರ್ (1, −i)/√2 ನಂತೆ ಕಾಣದೆ ಒಟ್ಟಾರೆ ಒಂದು ಚಿಹ್ನೆಯಿಂದಲೋ ಫೇಸಿನಿಂದಲೋ ಬೇರೆಯಾಗಿ ಕಾಣಬಹುದು. ಅದರಿಂದ ಸಂಭವನೀಯತೆ ಬದಲಾಗುವುದಿಲ್ಲ, ಗಾಬರಿಯಾಗಬೇಕಾಗಿಲ್ಲ.

ರಾಣೆಬೆನ್ನೂರು

ನಿವೃತ್ತ ಸರ್ ಸರಾಸರಿ −2ħ/9 ಎಂದು ಬರೆದಿದ್ದಾರೆ. ಹಾಗಾದರೆ ಉಪಕರಣದಲ್ಲಿ −2ħ/9 ಎಂದು ತೋರಿಸುವ ಕಣಗಳು ಎಷ್ಟಿರುತ್ತವೆ?

ಮಾಳಮಡ್ಡಿ ನಿವೃತ್ತ ಉಪನ್ಯಾಸಕ

ಒಂದೂ ಇರುವುದಿಲ್ಲ. ಪ್ರತಿಯೊಂದು ಕಣವೂ +ħ/2 ಅಥವಾ −ħ/2 ಮಾತ್ರ ಕೊಡುತ್ತದೆ. 1922ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಸ್ಟರ್ನ್ ಮತ್ತು ಗೆರ್ಲಾಕ್ ಬೆಳ್ಳಿಯ ಪರಮಾಣುಗಳ ಕಿರಣವನ್ನು ಅಸಮ ಕಾಂತಕ್ಷೇತ್ರದಲ್ಲಿ ಹಾಯಿಸಿದಾಗ ಗಾಜಿನ ತಟ್ಟೆಯ ಮೇಲೆ ಅದು ಎರಡಾಗಿ ಒಡೆದು ಕಂಡದ್ದು ಇದಕ್ಕೇ. ನಡುವಿನ ಜಾಗದಲ್ಲಿ ಸರಾಸರಿಯ ಗುರುತು ಮೂಡುವುದಿಲ್ಲ. χ ಸ್ಥಿತಿಯಲ್ಲಿರುವ 100 ಕಣಗಳನ್ನು y ದಿಕ್ಕಿನಲ್ಲಿ ಅಳೆದರೆ ಸುಮಾರು 28 ಧನಕ್ಕೆ, 72 ಋಣಕ್ಕೆ ಹೋಗುತ್ತವೆ, ನಾಲ್ಕೈದು ಆಚೀಚೆ ಆಗುವುದು ಸಹಜ. ಅಂದರೆ 5/18 ಸರಿಯೋ 13/18 ಸರಿಯೋ ಎಂದು ತೀರ್ಮಾನಿಸಲು ನೂರು ಕಣಗಳು ಧಾರಾಳವಾಗಿ ಸಾಕು.

ಗದಗ ಬೆಟಗೇರಿ

ನನ್ನ ಮೊದಲಿನ ಪ್ರಶ್ನೆ ದಾರಿ ತಪ್ಪಿತ್ತು, ಈಗ ಸರಿಯಾದುದನ್ನು ಕೇಳುತ್ತೇನೆ. ಚಿತ್ರಗಳಲ್ಲಿ ಕಿರಣ y ದಿಕ್ಕಿನಲ್ಲಿಯೇ ಓಡುತ್ತಿರುತ್ತದೆ, ಕಾಂತವನ್ನು z ಅಥವಾ x ಕಡೆಗೆ ತಿರುಗಿಸುತ್ತಾರೆ. ಕಿರಣ ಓಡುವ ದಿಕ್ಕಿನಲ್ಲಿಯೇ ಸ್ಪಿನ್ ಅಳೆಯುವುದು ಹೇಗೆ? ಕಣಗಳನ್ನು ಮುಂದಕ್ಕೋ ಹಿಂದಕ್ಕೋ ತಳ್ಳಿದರೆ ತಟ್ಟೆಯ ಮೇಲೆ ಎರಡು ಗುರುತುಗಳು ಬೇರೆಯಾಗುವುದಿಲ್ಲವಲ್ಲ.

ಮಾಳಮಡ್ಡಿ ನಿವೃತ್ತ ಉಪನ್ಯಾಸಕ

ಈ ಪ್ರಶ್ನೆಯನ್ನು ಕೇಳಿದ್ದಕ್ಕೆ ನನಗೆ ಬಹಳ ಸಂತೋಷವಾಯಿತು. ಒಂದು ಉಪಾಯವೆಂದರೆ ಕಾಂತದ ಬದಲು ಸ್ಪಿನ್ನನ್ನೇ ತಿರುಗಿಸುವುದು. ಅಳತೆಗೆ ಮೊದಲು ಕಿರಣವನ್ನು x ದಿಕ್ಕಿನ ಸಮ ಕಾಂತಕ್ಷೇತ್ರದಲ್ಲಿ ಸ್ವಲ್ಪ ದೂರ ಹಾಯಿಸಿ, ಸ್ಪಿನ್ x ಅಕ್ಷದ ಸುತ್ತ ಸರಿಯಾಗಿ 90 ಡಿಗ್ರಿ ತಿರುಗುವಂತೆ ಮಾಡಿದರೆ, ಮೊದಲು +y ಕಡೆಗಿದ್ದುದು +z ಕಡೆಗೆ ಬರುತ್ತದೆ. ಆಮೇಲೆ ಎಂದಿನಂತೆ z ದಿಕ್ಕಿನಲ್ಲಿ ಅಳೆಯಬಹುದು. ಆ ತಿರುಗುವಿಕೆಯ ಮ್ಯಾಟ್ರಿಕ್ಸ್ ಇದು:

```
U = (1/√2) [  1  −i ]
           [ −i   1 ]

Uχ ನ ಮೇಲಿನ ಅಂಶ = (2 + i − 2i)/(3√2) = (2−i)/(3√2)
```

ಮೇಲಿನ ಅಡ್ಡಸಾಲನ್ನು ಗಮನಿಸಿ, (1, −i)/√2. ಹಾವೇರಿಯ ಮೇಡಂ ಹುಡುಗನಿಗೆ ಬರೆಯಲು ಹೇಳಿದ ಅಡ್ಡಸಾಲೇ ಅದು. ಇಲ್ಲಿ ನಾವು ಯಾರೂ ಕಾಂಜುಗೇಟ್ ತೆಗೆದುಕೊಂಡಿಲ್ಲ, ಸ್ಪಿನ್ನನ್ನು ತಿರುಗಿಸಿದ್ದರಿಂದಲೇ ಅದು ತಾನಾಗಿ ಬಂದಿದೆ. ಉತ್ತರವೂ 5/18.

ಗೋಕುಲ ರೋಡ್

ಸರ್, ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಆದರೆ 90 ಡಿಗ್ರಿಯನ್ನು ಎದುರು ದಿಕ್ಕಿನಲ್ಲಿ ತಿರುಗಿಸಿಬಿಟ್ಟರೆ +y ಹೋಗಿ −z ಕಡೆಗೆ ಸೇರುತ್ತದೆ, ಮತ್ತೆ 13/18 ಬಂದು ಕೂರುತ್ತದೆ. ಕ್ಷೇತ್ರವನ್ನು +x ಕಡೆಗೆ ಕೊಟ್ಟರೆ ಸ್ಪಿನ್ ಯಾವ ಕಡೆಗೆ ತಿರುಗುತ್ತದೆ ಎಂದು ತಿಳಿಯುವುದು ಹೇಗೆ?

ಮಾಳಮಡ್ಡಿ ನಿವೃತ್ತ ಉಪನ್ಯಾಸಕ

ಇಲೆಕ್ಟ್ರಾನಿನ ಕಾಂತ ಮಹತ್ವ ಅದರ ಸ್ಪಿನ್ನಿಗೆ ವಿರುದ್ಧ ದಿಕ್ಕಿನಲ್ಲಿದೆ. ಅದರಿಂದಾಗಿ ಬಲಗೈಯ ಹೆಬ್ಬೆರಳನ್ನು ಕ್ಷೇತ್ರದ ಕಡೆಗೆ ಹಿಡಿದರೆ ಬೆರಳುಗಳು ಮಡಚುವ ಕಡೆಗೇ ಸ್ಪಿನ್ ತಿರುಗುತ್ತದೆ. ಕ್ಷೇತ್ರ +x ಕಡೆಗಿದ್ದರೆ y ಇಂದ z ಕಡೆಗೆ, ಅಂದರೆ ನಮಗೆ ಬೇಕಾದ ಕಡೆಗೇ. ಬೆಳ್ಳಿಯಲ್ಲಿಯೂ ಕೆಲಸ ಮಾಡುವುದು ಹೊರಗಿನ ಒಂಟಿ ಇಲೆಕ್ಟ್ರಾನೇ ಆದ್ದರಿಂದ ಅಲ್ಲಿಯೂ ಹೀಗೆಯೇ.

ವಿದ್ಯಾನಗರ ಹುಬ್ಬಳ್ಳಿ

ಹಾಗಾದರೆ ಇನ್ನೊಂದು ತೊಡಕಿದೆ. ಕಾಂತ ಮಹತ್ವ ವಿರುದ್ಧ ಇರುವುದರಿಂದ, ಕ್ಷೇತ್ರ ಮೇಲಕ್ಕಿದ್ದು ಮೇಲೆ ಹೋದಂತೆ ಬಲವಾಗುತ್ತಿದ್ದರೆ +ħ/2 ಸ್ಪಿನ್ನಿನ ಪರಮಾಣು ಕೆಳಕ್ಕೆ ಬಾಗುತ್ತದೆ. ತಟ್ಟೆಯ ಮೇಲಿನ ಗುರುತನ್ನು ನೋಡಿ ಧನ ಎಂದುಬಿಟ್ಟರೆ ಕಾಗದದ ಮೇಲಿನ ಎಲ್ಲ ಎಚ್ಚರಿಕೆಯೂ ವ್ಯರ್ಥ. ಕಾಂತದ ಯಾವ ತುದಿ ಚೂಪಾಗಿದೆ, ಅದು ಯಾವ ಧ್ರುವ ಎಂದು ತಿಳಿಯದೆ ಆ 28 ಕಣಗಳು ಧನದವೋ ಋಣದವೋ ಎಂದು ಹೇಳಲು ಬರುವುದಿಲ್ಲ ಎಂಬುದು ನನ್ನ ವಾದ.

ಹಾವೇರಿ ಭೌತಶಾಸ್ತ್ರ

ಆ ವಾದವನ್ನು ಪೂರ್ತಿ ಒಪ್ಪುವುದಿಲ್ಲ. ಕಾಂತದ ಗುಟ್ಟು ತಿಳಿಯದಿದ್ದರೂ +z ಸ್ಥಿತಿಯಲ್ಲಿದೆ ಎಂದು ಖಚಿತವಿರುವ ಒಂದು ಕಿರಣವನ್ನು ಮೊದಲು ಬಿಟ್ಟು ಅದು ಎಲ್ಲಿಗೆ ಬೀಳುತ್ತದೆ ಎಂದು ಗುರುತು ಹಾಕಿಕೊಳ್ಳಬಹುದು.

ವಿದ್ಯಾನಗರ ಹುಬ್ಬಳ್ಳಿ

ಮೇಡಂ, ಆ ಕಿರಣ +z ಸ್ಥಿತಿಯಲ್ಲಿದೆ ಎಂದು ಖಚಿತಪಡಿಸಿದ್ದು ಇನ್ನೊಂದು ಕಾಂತವೇ ಅಲ್ಲವೇ? ಅದರ ಧ್ರುವವೂ ತಿಳಿದಿರಬೇಕಾಗುತ್ತದೆ.

ಹಾವೇರಿ ಭೌತಶಾಸ್ತ್ರ

ನಿಮ್ಮ ಪ್ರಶ್ನೆಯಲ್ಲಿ ಹುರುಳಿದೆ. ಇದನ್ನು ನಾನು ಕುಳಿತು ಯೋಚಿಸಿ ಬರೆಯುತ್ತೇನೆ. ಅಷ್ಟರಲ್ಲಿ ಸಪ್ತಾಪುರದ ತಮ್ಮನಿಗೆ ಒಂದು ಲೆಕ್ಕ: χ = (3, 4i)/5. S_y ಯ ಪಾಲು ಹೇಳು, ಆದರೆ ಗುಣಿಸುವ ಮೊದಲು ಸರ್ ಹೇಳಿದ ಛತ್ರಿಯನ್ನು ಇಟ್ಟು ನೋಡು.

ಸಪ್ತಾಪುರ ರೂಮ್ 4

ಮೇಡಂ, ಮಾಡಿದೆ. ಕೆಳಗಿನ ಅಂಶ 4i, ಅದರ ಫೇಸ್ 90 ಡಿಗ್ರಿ, ಮೇಲಿನದರದ್ದು ಸೊನ್ನೆ. ಛತ್ರಿ ಪೂರ್ವದಿಂದ ಉತ್ತರಕ್ಕೆ ಪೂರ್ತಿ ತಿರುಗುತ್ತದೆ, ಆದ್ದರಿಂದ +y ಗೆ ದೊಡ್ಡ ಪಾಲು ಬರಬೇಕು ಎಂದು ಮೊದಲೇ ಅಂಚಿನಲ್ಲಿ ಬರೆದಿಟ್ಟೆ. ನಂತರ (1, −i) ಇಂದ ಗುಣಿಸಿದಾಗ 3+4 ಸೇರಿ 7, ಅಂದರೆ 49/50. ಋಣಕ್ಕೆ 1/50. ಕಾಂಜುಗೇಟ್ ಮರೆತು ಮಾಡಿದ್ದರೆ ಧನಕ್ಕೆ 1/50 ಬರುತ್ತಿತ್ತು, ಅದನ್ನೂ ಮಾಡಿ ನೋಡಿದೆ. ರೂಮಿನ ಗೆಳೆಯರಿಬ್ಬರೂ ಪಕ್ಕದಲ್ಲಿಯೇ ಕುಳಿತು ತಮ್ಮ ಹಳೆಯ ಲೆಕ್ಕವನ್ನು ತಿದ್ದಿಕೊಳ್ಳುತ್ತಿದ್ದಾರೆ. ನಾಳೆ ಟ್ಯೂಷನ್ನಿಗೆ ಹೋದಾಗ ಹಾಳೆಯಲ್ಲಿದ್ದ 5/18 ಸರಿಯಾಗಿತ್ತು ಎಂದು ಹೇಳಿ, ಸೊನ್ನೆ ಬರುವ ಆ ಸರಾಸರಿಯ ಲೆಕ್ಕವನ್ನು ತೋರಿಸುತ್ತೇನೆ. ಕಾಂತದ ಧ್ರುವದ ಪ್ರಶ್ನೆಗೆ ಮೇಡಂ ಮತ್ತು ಹುಬ್ಬಳ್ಳಿಯ ಸರ್ ಏನು ಬರೆಯುತ್ತಾರೆ ಎಂದು ಕಾಯುತ್ತಿರುತ್ತೇನೆ.